ಡ್ರೈ ಬ್ಲಾಕಿನಲ್ಲಿ ಸರಿ ಇರುವ ಥರ್ಮೋಕಪಲ್ ಫರ್ನೇಸಿನಲ್ಲಿ ತಪ್ಪು ತೋರಿಸುವುದು ಯಾಕೆ?

ಪ್ರಶ್ನೆ: ನಮ್ಮ ಫರ್ನೇಸ್ 950 ಡಿಗ್ರಿಯಲ್ಲಿ ಓಡುತ್ತದೆ. ಅದರ ಕೆ ಟೈಪ್ ಥರ್ಮೋಕಪಲ್ ಮೇಲೆ ಅನುಮಾನ ಬಂದು, ಬಿಚ್ಚಿ ಡ್ರೈ ಬ್ಲಾಕಿನಲ್ಲಿ ನೋಡಿದೆವು. ಸರಿಯಾಗಿಯೇ ಇತ್ತು. ವಾಪಸ್ ಹಾಕಿದರೆ ಮತ್ತೆ ತಪ್ಪು. ಯಾವುದನ್ನು ನಂಬಬೇಕು?

ಉತ್ತರ: ಎರಡೂ ರೀಡಿಂಗ್ ನಿಜವೇ ಇರಬಹುದು. ಡ್ರೈ ಬ್ಲಾಕಿನಲ್ಲಿ ನೀವು ತಂತಿಯ ಬೇರೆ ಭಾಗವನ್ನು ಪರೀಕ್ಷೆ ಮಾಡಿದ್ದೀರಿ, ಅಷ್ಟೇ.

ವೋಲ್ಟೇಜ್ ಹುಟ್ಟುವುದು ತುದಿಯ ಜಂಕ್ಷನ್ನಿನಲ್ಲಿ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ತಂತಿಯ ಉದ್ದಕ್ಕೂ ಎಲ್ಲಿ ಬಿಸಿಯಿಂದ ತಂಪಿಗೆ ತಾಪಮಾನ ಬದಲಾಗುತ್ತದೋ, ಅಲ್ಲಿ ಅದು ಹುಟ್ಟುತ್ತದೆ. ಇಡೀ ಭಾಗ ಒಂದೇ ತಾಪಮಾನದಲ್ಲಿದ್ದರೆ ಆ ಭಾಗದಿಂದ ಏನೂ ಬರುವುದಿಲ್ಲ.

ನಿಮ್ಮ ಥರ್ಮೋಕಪಲ್ ಗೋಡೆಯ ಹೊರಮೈಯಿಂದ ಒಳಕ್ಕೆ 400 ಮಿಲಿಮೀಟರ್ ಹೋಗಿದೆ, ಗೋಡೆ 200 ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ತುದಿಯಿಂದ 200ರಿಂದ 400 ಮಿಲಿಮೀಟರ್ ನಡುವಿನ ತಂತಿಯೇ ಅಲ್ಲಿ ಕೆಲಸ ಮಾಡುವುದು. ಡ್ರೈ ಬ್ಲಾಕಿನ ಆಳ 150 ಮಿಲಿಮೀಟರ್ ಆದರೆ, ಬ್ಲಾಕಿನ ಬಾಯಿಯ ಹತ್ತಿರದ ತಂತಿ ಕೆಲಸ ಮಾಡುತ್ತದೆ. ಹಾಳಾದ ಭಾಗ ಹೊರಗೆ ತಣ್ಣಗೆ ಕೂತಿರುತ್ತದೆ, ಅದರ ತಪ್ಪು ಕಾಣುವುದೇ ಇಲ್ಲ.

ತಂತಿ ಹಾಳಾಗುವುದು ಹೇಗೆ? ಕೆ ಟೈಪಿನಲ್ಲಿ ಎರಡು ಕಾರಣ ಮುಖ್ಯ. ನಿಕಲ್-ಕ್ರೋಮಿಯಂ ತಂತಿ ಸುಮಾರು 250ರಿಂದ 550 ಡಿಗ್ರಿಯ ನಡುವೆ ಇದ್ದರೆ, ಅದರೊಳಗಿನ ಪರಮಾಣುಗಳ ಜೋಡಣೆ ಬದಲಾಗಿ ರೀಡಿಂಗ್ ಕೆಲವು ಡಿಗ್ರಿ ಜಾಸ್ತಿ ಬರುತ್ತದೆ. ಇನ್ನೂ ಹೆಚ್ಚು ಕಾಯಿಸಿದರೆ ಈ ಬದಲಾವಣೆ ಅಳಿಸಿಹೋಗುತ್ತದೆ. ಗೋಡೆಯೊಳಗಿನ ತಂತಿಯ ಒಂದು ಭಾಗ ಯಾವಾಗಲೂ ಇದೇ ತಾಪಮಾನದಲ್ಲಿ ಇರುತ್ತದೆ, ಅಲ್ವಾ? ಎರಡನೆಯದು ಆಕ್ಸಿಡೇಷನ್. ಆಕ್ಸಿಜನ್ ಕಡಿಮೆ ಇರುವ ಕಡೆ ಕ್ರೋಮಿಯಂ ಮೊದಲು ಆಕ್ಸೈಡ್ ಆಗಿ, ತಂತಿ ಹಸಿರು ಬಣ್ಣಕ್ಕೆ ತಿರುಗಿ ರೀಡಿಂಗ್ ಕಡಿಮೆ ಬರತೊಡಗುತ್ತದೆ. ಅದು ಮತ್ತೆ ಸರಿಯಾಗುವುದಿಲ್ಲ.

ಹಾಗಾಗಿ 950 ಡಿಗ್ರಿಯಲ್ಲಿ ಬಳಸಿದ ಥರ್ಮೋಕಪಲನ್ನು ಅದರ ಜಾಗದಲ್ಲೇ ಪರೀಕ್ಷಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹಳೆಯದನ್ನು ಅಲುಗಾಡಿಸದೆ, ಅದರ ಪಕ್ಕದಲ್ಲಿ ಅಷ್ಟೇ ಆಳಕ್ಕೆ, ಕ್ಯಾಲಿಬ್ರೇಟ್ ಮಾಡಿದ ಹೊಸ ಥರ್ಮೋಕಪಲ್ ಇಳಿಸಿ. ಫರ್ನೇಸ್ ತಾಪಮಾನ ನಿಂತ ಮೇಲೆ ಎರಡನ್ನೂ ಓದಿ. ಸುಮಾರು 650–700 ಡಿಗ್ರಿಗೇ ನಿಲ್ಲುವ ಡ್ರೈ ಬ್ಲಾಕುಗಳೇ ಹೆಚ್ಚು, ನಿಮ್ಮ 950ನ್ನು ಅವು ಮುಟ್ಟುವುದೂ ಇಲ್ಲ.

ಡ್ರೈ ಬ್ಲಾಕ್ ನಿಜವಾಗಿ ಕೆಲಸಕ್ಕೆ ಬರುವುದು ಆ ಹೊಸ ಥರ್ಮೋಕಪಲನ್ನು ಬಳಸುವ ಮೊದಲು ನೋಡಲು. ಆಗಲೂ ಬ್ಲಾಕಿನ ಡಿಸ್‌ಪ್ಲೇ ನಂಬಬೇಡಿ. ಅದು ಬ್ಲಾಕಿನ ಒಳಗಿನ ಸೆನ್ಸರಿನ ತಾಪಮಾನ, ನಿಮ್ಮ ರಂಧ್ರದ್ದಲ್ಲ. ಕ್ಯಾಲಿಬ್ರೇಟ್ ಮಾಡಿದ ಪ್ಲಾಟಿನಂ ರೆಸಿಸ್ಟೆನ್ಸ್ ಸೆನ್ಸರನ್ನು ಪಕ್ಕದ ರಂಧ್ರದಲ್ಲಿ ಅದೇ ಆಳಕ್ಕೆ ಇಡಿ. ಎರಡೂ ತಳ ಮುಟ್ಟಿರಲಿ, ರಂಧ್ರದಲ್ಲಿ ಸಡಿಲವಾಗಿ ಆಡದಿರಲಿ. ನಡುವೆ ಗಾಳಿ ಜಾಸ್ತಿ ಇದ್ದರೆ ರೀಡಿಂಗ್ ಕಡಿಮೆ ಬರುತ್ತದೆ, ನೀವು ಸುಮ್ನೆ ಥರ್ಮೋಕಪಲನ್ನು ದೂರುತ್ತೀರಿ.

ಒಂದು ಲೆಕ್ಕ ನೋಡೋಣ. ಬ್ಲಾಕ್ 400.0 ತೋರಿಸುತ್ತಿದೆ, ಪ್ಲಾಟಿನಂ ಸೆನ್ಸರ್ 399.2, ಥರ್ಮೋಕಪಲ್ 401.9. ತಪ್ಪು 1.9 ಅಲ್ಲ, 2.7 ಡಿಗ್ರಿ. ಕೆ ಟೈಪ್ ಕ್ಲಾಸ್ 2ರ ಮಿತಿ 2.5 ಡಿಗ್ರಿ ಅಥವಾ ಓದಿದ ತಾಪಮಾನದ 0.75 ಶೇಕಡಾ, ಯಾವುದು ದೊಡ್ಡದೋ ಅದು. 400ಕ್ಕೆ ಅದು 3.0 ಡಿಗ್ರಿ. ಲೆಕ್ಕಕ್ಕೆ ಪಾಸ್, ಆದರೆ ಉಳಿದಿರುವುದು 0.3 ಮಾತ್ರ. ಪ್ಲಾಟಿನಂ ಸೆನ್ಸರ್ ಮತ್ತು ಮೀಟರಿನ ಅನಿಶ್ಚಿತತೆಯೇ ಅಷ್ಟು ಇರಬಹುದು. ನಾನಾದರೆ ಇದನ್ನು ರೆಫರೆನ್ಸ್ ಆಗಿ ಬಳಸುವುದಿಲ್ಲ.

ಆಮೇಲೆ ಎರಡನ್ನೂ 20 ಮಿಲಿಮೀಟರ್ ಮೇಲೆ ಎಳೆದು, ಸ್ವಲ್ಪ ಹೊತ್ತು ಕಾದು, ಮತ್ತೆ ಓದಿ. ಪ್ಲಾಟಿನಂ ಸೆನ್ಸರ್ 0.1 ಡಿಗ್ರಿ ಮಾತ್ರ ಸರಿದು ಥರ್ಮೋಕಪಲ್ 1.2 ಡಿಗ್ರಿ ಸರಿದರೆ, ಅನುಮಾನ ತಂತಿಯ ಮೇಲೇ ಬರುತ್ತದೆ. ಅದರ ಉದ್ದಕ್ಕೂ ಗುಣ ಒಂದೇ ಸಮ ಇಲ್ಲ. ಅಂಥದ್ದಕ್ಕೆ ಕರೆಕ್ಷನ್ ಹಾಕಿ ಪ್ರಯೋಜನವಿಲ್ಲ, ಯಾಕೆಂದರೆ ಆಳ ಬದಲಾದರೆ ಕರೆಕ್ಷನ್ನೂ ಬದಲಾಗುತ್ತದೆ. ತೆಗೆದು ಹೊಸದು ಹಾಕಿ. ಪರೀಕ್ಷೆಯನ್ನೂ ಬೇಗ ಮುಗಿಸಿ. 400ರಲ್ಲಿ ಗಂಟೆಗಟ್ಟಲೆ ಬಿಟ್ಟರೆ, ಮೇಲೆ ಹೇಳಿದ ಆ ಜೋಡಣೆಯ ಬದಲಾವಣೆ ಬ್ಲಾಕಿನೊಳಗೇ ಶುರುವಾಗುತ್ತದೆ.