ಏರುವ ಷೇರಿಗೆ ಸ್ಟಾಪ್ ಎಲ್ಲಿ ತೂಗುಹಾಕಬೇಕು?

ಷೇರು 712 ರೂಪಾಯಿ ಮುಟ್ಟಿದ ದಿನ ನನ್ನ ಸ್ಟಾಪ್, ಅಂದರೆ ಬೆಲೆ ಅಲ್ಲಿಗೆ ಬಿದ್ದರೆ ಮಾರಿ ಹೊರಬರುವ ಮಟ್ಟ, 553ರಲ್ಲೇ ಕುಳಿತಿತ್ತು. ಕೊಂಡಿದ್ದು 500ಕ್ಕೆ. ಕಾಗದದ ಮೇಲೆ ಷೇರೊಂದಕ್ಕೆ 212 ರೂಪಾಯಿ ಲಾಭವಿತ್ತು. ಆದರೆ ಬೆಲೆ ತಿರುಗಿ ಬಿದ್ದು ಸ್ಟಾಪ್ ತಗುಲಿದ್ದರೆ ಕೈಗೆ ಬರುತ್ತಿದ್ದದ್ದು 53 ಮಾತ್ರ. ನಾನು ನಿಯಮ ತಪ್ಪಿರಲಿಲ್ಲ, ನಿಯಮವೇ ಹಿಂದುಳಿದಿತ್ತು. ಆ ವಹಿವಾಟನ್ನು ಹಂತ ಹಂತವಾಗಿ ಬಿಡಿಸಿಟ್ಟರೆ, ಬೆಲೆ ಏರಿದಂತೆ ಮೇಲೆ ಸರಿಸುತ್ತಾ ಹೋಗುವ ಟ್ರೇಲಿಂಗ್ ಸ್ಟಾಪ್ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದನ್ನು ಹೇಳಿದಂತಾಗುತ್ತದೆ. ಕಂಪನಿಯ ಹೆಸರು ಇಲ್ಲಿ ಅಗತ್ಯವಿಲ್ಲ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ತುಸು ದುಂಡಗೆ ಮಾಡಿದ್ದೇನೆ.

ಕೊಳ್ಳುವಾಗ ದಿನದ ಚಾರ್ಟ್‌ನಲ್ಲಿ ಹಿಂದಿನ ಸ್ವಿಂಗ್ ಲೋ 476ರಲ್ಲಿತ್ತು. ಬೆಲೆ ಇಳಿದು, ಅಲ್ಲಿ ಕಾಲೂರಿ, ಮತ್ತೆ ಮೇಲೆದ್ದ ತಳ ಅದು. ಎಟಿಆರ್ 12 ರೂಪಾಯಿ. ದಿನವೊಂದಕ್ಕೆ ಈ ಷೇರು ಸರಾಸರಿ ಎಷ್ಟು ಅಲುಗಾಡುತ್ತದೆ ಎಂಬುದರ ಅಳತೆಯೇ ಎಟಿಆರ್. ವೆಲ್ಸ್ ವೈಲ್ಡರ್ 1978ರಲ್ಲಿ ಪ್ರಕಟಿಸಿದ್ದು. ಬರೀ ದಿನದ ಗರಿಷ್ಠದಿಂದ ಕನಿಷ್ಠ ಕಳೆದರೆ ಅದು ಸಿಗುವುದಿಲ್ಲ, ರಾತ್ರಿಯ ಜಿಗಿತವನ್ನೂ ಸೇರಿಸಬೇಕು. ನಿನ್ನೆ 600ಕ್ಕೆ ಮುಗಿದ ಷೇರು ಇಂದು 594 ಮತ್ತು 588ರ ನಡುವೆಯೇ ಓಡಾಡಿದರೆ ಕಣ್ಣಿಗೆ ಕಾಣುವ ಅಲುಗಾಟ 6 ರೂಪಾಯಿ, ನಿಜವಾದದ್ದು 12. ನಮ್ಮ ಜೇಬಿಗೆ ತಟ್ಟುವುದು ಆ ಹನ್ನೆರಡೇ.

ಸ್ಟಾಪನ್ನು ಸರಿಯಾಗಿ 476ರಲ್ಲೇ ಇಡಲಿಲ್ಲ. ಕಣ್ಣಿಗೆ ರಾಚುವ ತಳದಲ್ಲಿ ಎಲ್ಲರ ಸ್ಟಾಪೂ ಇರುತ್ತದೆ. ಬೆಲೆ ಆ ತಳವನ್ನು ಒಂದೆರಡು ರೂಪಾಯಿಯಷ್ಟು ಮೀರಿ ಮತ್ತೆ ಮೇಲೆ ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ತಳಕ್ಕಿಂತ ಅರ್ಧ ಎಟಿಆರ್ ಕೆಳಗೆ, 470ರಲ್ಲಿ ಇಟ್ಟೆ. ಷೇರಿಗೆ 30 ರೂಪಾಯಿ ಅಪಾಯ. ಐದು ಲಕ್ಷದ ಬಂಡವಾಳದಲ್ಲಿ ಒಂದು ವಹಿವಾಟಿಗೆ ಶೇಕಡಾ ಒಂದಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದೆಂಬ ನಿಯಮದ ಪ್ರಕಾರ 160 ಷೇರು ಕೊಂಡೆ. ಸೋತರೆ ಹೋಗುವುದು 4,800 ರೂಪಾಯಿ.

ಬೆಲೆ 548ಕ್ಕೆ ಏರಿ 521ಕ್ಕೆ ಇಳಿಯಿತು. ಹೆಚ್ಚಿನವರು ಎಡವುವುದು ಇಲ್ಲೇ. 521ರಿಂದ ಎರಡು ಹಸಿರು ಕ್ಯಾಂಡಲ್ ಕಂಡ ಕೂಡಲೇ ಅದನ್ನು ಹೊಸ ಸ್ವಿಂಗ್ ಲೋ ಎಂದು ಘೋಷಿಸಿ ಸ್ಟಾಪ್ ಏರಿಸಿಬಿಡುತ್ತಾರೆ. ಆದರೆ ಅದು ತಳವೋ ಅಲ್ಲವೋ ಆಗ ಯಾರಿಗೂ ತಿಳಿಯದು. ಹಿಂದಿನ ಶಿಖರ 548ನ್ನು ದಿನದ ಮುಕ್ತಾಯದ ಬೆಲೆ ದಾಟಿದ ಮೇಲೆಯೇ ನಾನು 521ನ್ನು ತಳವೆಂದು ಒಪ್ಪುವುದು. ಅಲ್ಲಿಯವರೆಗೆ ಸ್ಟಾಪ್ 470ರಲ್ಲೇ ಇರುತ್ತದೆ, ಎಷ್ಟೇ ಕಿರಿಕಿರಿಯಾದರೂ. ಬೆಲೆ ದಾಟಿತು, ಎಟಿಆರ್ ಆಗ 13, ಸ್ಟಾಪ್ 515ಕ್ಕೆ ಬಂತು. ಮುಂದೆ 596ರ ಶಿಖರ, 560ರ ತಳ. ಮತ್ತೆ 596 ದಾಟಿದಾಗ ಎಟಿಆರ್ 14, ಸ್ಟಾಪ್ 553.

ಅದಾದ ಮೇಲೆ ಷೇರು ಮೂರು ವಾರ ಎಲ್ಲಿಯೂ ಉಸಿರು ತೆಗೆದುಕೊಳ್ಳದೆ ಓಡಿತು. ಇಳಿತವಿಲ್ಲದಿದ್ದರೆ ಹೊಸ ತಳ ಹುಟ್ಟುವುದಿಲ್ಲ, ಹೊಸ ತಳವಿಲ್ಲದೆ ಸ್ಟಾಪ್ ಕದಲುವುದಿಲ್ಲ. ಲಾಭ ಅತಿ ವೇಗವಾಗಿ ಬೆಳೆಯುವ ಹೊತ್ತಿಗೇ ಸ್ವಿಂಗ್ ಲೋ ವಿಧಾನ ಕಾವಲು ಬಿಟ್ಟು ಮಲಗುತ್ತದೆ. 553ರ ಕತೆ ಇಷ್ಟೇ.

ಶಾಂಡಲಿಯರ್ ಎಕ್ಸಿಟ್ ಈ ಕೊರತೆಯನ್ನು ಬೇರೆ ದಿಕ್ಕಿನಿಂದ ನೋಡುತ್ತದೆ. ಚಕ್ ಲೆಬೋ ಕೊಟ್ಟ ವಿಧಾನವಿದು. ಅರಮನೆಯ ಸೂರಿನಿಂದ ದೀಪದ ಗೊಂಚಲು ಇಳಿಬಿದ್ದಿರುವಂತೆ ಸ್ಟಾಪ್ ಶಿಖರದಿಂದ ಕೆಳಕ್ಕೆ ತೂಗುತ್ತದೆ. ಸ್ವಿಂಗ್ ಲೋ ನೆಲದಿಂದ ಅಳೆದರೆ ಇದು ಸೂರಿನಿಂದ ಅಳೆಯುತ್ತದೆ. ಸೂರು ಏರಿದರೆ ದೀಪವೂ ಏರುತ್ತದೆ, ಇಳಿತಕ್ಕಾಗಿ ಕಾಯಬೇಕಿಲ್ಲ. ಚಾರ್ಟ್ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಇರುವ ಸೂತ್ರ ಇದು:

```
highest(high, 22) - 3 * atr(22)
```

22 ಎಂದರೆ ಸುಮಾರು ಒಂದು ತಿಂಗಳ ವಹಿವಾಟಿನ ದಿನಗಳು. ನಮ್ಮ ಷೇರಿನಲ್ಲಿ 712ರ ದಿನ ಎಟಿಆರ್ 18ಕ್ಕೆ ಏರಿತ್ತು. ಮೂರರಷ್ಟು ಎಂದರೆ 54, ಸ್ಟಾಪ್ 658. ಆ ಸಂಜೆಯೇ ಅಲ್ಲಿಗೆ ಸರಿಸಿದೆ.

ಹಾಗಾದರೆ ಮೊದಲ ದಿನದಿಂದಲೇ ಶಾಂಡಲಿಯರ್ ಬಳಸಬಹುದಿತ್ತಲ್ಲ ಎಂದು ಕೇಳಬಹುದು. ನಾನೂ ಹಿಂದಕ್ಕೆ ಹೋಗಿ ಲೆಕ್ಕ ಹಾಕಿದೆ. ಸ್ವಿಂಗ್ ಲೋ ಸ್ಟಾಪ್ 515ಕ್ಕೆ ಬಂದ ದಿನ ಶಾಂಡಲಿಯರ್ 511ರಲ್ಲಿತ್ತು. ಅದು 553ಕ್ಕೆ ಬಂದ ದಿನ ಇದು 556ರಲ್ಲಿ. ಏರಿಕೆ ಉಸಿರಾಡುತ್ತಾ ಸಾಗುವಾಗ ಎರಡೂ ಹೆಚ್ಚುಕಡಿಮೆ ಒಂದೇ ಜಾಗ ತೋರಿಸುತ್ತವೆ, ಉಸಿರು ಬಿಗಿಹಿಡಿದು ಓಡಿದಾಗ ಬೇರೆಯಾಗುತ್ತವೆ. ಹಾಗಿರುವಾಗ ಆರಂಭದಲ್ಲಿ ನಾನು ಸ್ವಿಂಗ್ ಲೋವನ್ನೇ ನಂಬುತ್ತೇನೆ. ಅದು ಜನ ನಿಜವಾಗಿ ಮುಂದೆ ಬಂದು ಕೊಂಡ ಬೆಲೆ. ಶಾಂಡಲಿಯರ್ ತೋರಿಸುವುದು ಅಂಕಗಣಿತದ ಬೆಲೆ. ಶಿಖರ ಮತ್ತು ಸ್ವಿಂಗ್ ಲೋ ಸ್ಟಾಪ್‌ಗಳ ಅಂತರ ನಾಲ್ಕು ಎಟಿಆರ್ ಮೀರಿದ ದಿನ ಶಾಂಡಲಿಯರ್‌ಗೆ ದಾಟುವುದು ಈಗ ನನ್ನ ನಿಯಮ. ಈ ನಿಯಮ ಅಂದು ಇದ್ದಿದ್ದರೆ ಬೆಲೆ 613ರ ಸುತ್ತ ಇದ್ದಾಗಲೇ ದಾಟಿರುತ್ತಿದ್ದೆ. 712ರವರೆಗೆ ಸುಮ್ಮನಿದ್ದದ್ದಕ್ಕೆ ದಂಡ ತೆರದೆ ಉಳಿದದ್ದು ಅದೃಷ್ಟ.

ಮೂರರ ಗುಣಕ ದೇವರು ಕೊಟ್ಟದ್ದೇನೂ ಅಲ್ಲ. ಆ ಷೇರು ಎಷ್ಟು ಆಳಕ್ಕೆ ಇಳಿದು ಮತ್ತೆ ಏರುವ ಸ್ವಭಾವದ್ದು ಎಂಬುದನ್ನು ಎಟಿಆರ್‌ನಲ್ಲೇ ಅಳೆದು ನೋಡಬೇಕು. ಇಲ್ಲಿ 548ರಿಂದ 521ಕ್ಕೆ ಇಳಿದದ್ದು 27 ರೂಪಾಯಿ, ಅಂದರೆ ಸುಮಾರು 2.1 ಎಟಿಆರ್. 596ರಿಂದ 560ಕ್ಕೆ 36 ರೂಪಾಯಿ, ಸುಮಾರು 2.6. ಲಾಭ ಬಿಟ್ಟುಕೊಡಬಾರದೆಂದು ಗುಣಕವನ್ನು ಎರಡಕ್ಕೆ ಇಳಿಸಿದವರು ಮೊದಲ ಇಳಿತದಲ್ಲೇ ಹೊರಬಿದ್ದು, 712ನ್ನು ಬೀದಿಯಲ್ಲಿ ನಿಂತು ನೋಡುತ್ತಿದ್ದರು. ಎರಡೂವರೆ ಇಟ್ಟವರು ಎರಡನೆಯದರಲ್ಲಿ. ನನ್ನ ಬಳಿ ಬರುವವರು ಲಾಭವನ್ನೇ ಬಿಟ್ಟುಕೊಡದ ಸ್ಟಾಪ್ ಬೇಕೆಂದು ಕೇಳುತ್ತಾರೆ. ಶಿಖರದಿಂದ ಸುಮಾರು ಮೂರು ಎಟಿಆರ್ ಬಿಟ್ಟುಕೊಡುವುದೇ ಮುಂದಿನ ಏರಿಕೆಯಲ್ಲಿ ಕುಳಿತಿರುವುದಕ್ಕೆ ತೆರುವ ಬಾಡಿಗೆ. ಬಾಡಿಗೆ ಎಷ್ಟೆಂದು ಮೊದಲೇ ಗೊತ್ತಿರುವುದಷ್ಟೇ ಇಲ್ಲಿ ಸಿಗುವ ಅನುಕೂಲ.

658ಕ್ಕೆ ಸರಿಸಿದ ನಾಲ್ಕನೆಯ ದಿನ ಬೆಲೆ 664ಕ್ಕೆ ಬಿತ್ತು. ಆರು ರೂಪಾಯಿಯಲ್ಲಿ ಉಳಿದುಕೊಂಡೆ. ಅಲ್ಲಿಂದ ಎದ್ದು 712 ದಾಟಿ 741ರವರೆಗೆ ಹೋಯಿತು. ಎಟಿಆರ್ 20, ಸ್ಟಾಪ್ 681. ಈ ನಡುವೆ 664 ಹೊಸ ಸ್ವಿಂಗ್ ಲೋ ಆಗಿ ದೃಢಪಟ್ಟಿತ್ತು. ಅದರ ಲೆಕ್ಕದಲ್ಲಿ ಸ್ಟಾಪ್ 654 ಆಗುತ್ತಿತ್ತು. 741ರಿಂದ ಅದರ ಅಂತರ ಇನ್ನೂ ನಾಲ್ಕು ಎಟಿಆರ್‌ಗಿಂತ ಹೆಚ್ಚಿದ್ದುದರಿಂದ ಶಾಂಡಲಿಯರ್‌ನಲ್ಲೇ ಉಳಿದೆ. ಈ 654ನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಕೆಲವು ದಿನ ಷೇರು ಒರಟಾಗಿ ಕುಣಿಯಿತು, ಎಟಿಆರ್ 24 ಆಯಿತು. ಪರದೆಯ ಮೇಲಿನ ಸೂತ್ರ ಈಗ 741ರಿಂದ 72 ಕಳೆದು 669 ತೋರಿಸುತ್ತಿತ್ತು. ಮಾರುಕಟ್ಟೆ ಬೆದರಿದಾಗ ಈ ಗೆರೆ ತಾನೇ ಕೆಳಗೆ ಜಾರುತ್ತದೆ. ಇನ್ನೊಂದು ಬಗೆಯ ಜಾರುವಿಕೆಯೂ ಇದೆ: ಷೇರು ಒಂದು ತಿಂಗಳಿಗಿಂತ ಹೆಚ್ಚು ಅಡ್ಡಡ್ಡ ಸಾಗಿದರೆ ಹಳೆಯ ಶಿಖರ 22 ದಿನಗಳ ಕಿಟಕಿಯಿಂದ ಹೊರಬಿದ್ದು ಸೂರೇ ತಗ್ಗುತ್ತದೆ. ಎರಡಕ್ಕೂ ಉತ್ತರ ಒಂದೇ, ಏರಿದ ಸ್ಟಾಪನ್ನು ಇಳಿಸಬಾರದು. ಪರದೆ ಏನೇ ತೋರಿಸಲಿ, ನನ್ನ ಪುಸ್ತಕದಲ್ಲಿ ಬರೆದಿಟ್ಟದ್ದು 681.

ಮರುದಿನ ಬೆಳಿಗ್ಗೆ 9.15ಕ್ಕೆ ಷೇರು ತೆರೆದದ್ದೇ 668ಕ್ಕೆ. ಸ್ಟಾಪ್‌ನ ಬೆಲೆಯಲ್ಲಿ ವಹಿವಾಟೇ ನಡೆಯಲಿಲ್ಲ. ನಮ್ಮಲ್ಲಿ ಷೇರುಪೇಟೆಗೆ ಕೊಟ್ಟ ಸ್ಟಾಪ್ ಲಾಸ್ ಆರ್ಡರ್ ಆ ದಿನಕ್ಕೆ ಮಾತ್ರ ಜೀವಂತ. ಆದ್ದರಿಂದ ದಿನಗಟ್ಟಲೆ ಹಿಡಿಯುವವರು ಬ್ರೋಕರ್ ಬಳಿ ಜಿಟಿಟಿ ಆರ್ಡರ್ ಇಟ್ಟಿರುತ್ತಾರೆ. ಅದು ಷೇರುಪೇಟೆಯಲ್ಲಿ ಇರುವುದಿಲ್ಲ, ಬ್ರೋಕರ್‌ನ ಕಂಪ್ಯೂಟರ್‌ನಲ್ಲಿ ಕಾಯುತ್ತಿದ್ದು ಟ್ರಿಗರ್ ಬೆಲೆ ಬಂದಾಗ ಲಿಮಿಟ್ ಆರ್ಡರ್ ಆಗಿ, ಅಂದರೆ ಬರೆದ ಬೆಲೆಗಿಂತ ಕಡಿಮೆಗೆ ಮಾರದ ಆರ್ಡರ್ ಆಗಿ, ಹೊರಡುತ್ತದೆ. ಟ್ರಿಗರ್ 681, ಲಿಮಿಟ್ ಕೂಡ 681 ಎಂದು ಬರೆದಿದ್ದರೆ ಬೆಲೆ 668ರಲ್ಲಿ ಇರುವಾಗ ನನ್ನ ಷೇರುಗಳು ಮಾರಾಟವಾಗದೆ ಮೇಲೆ ನೇತಾಡುತ್ತಿದ್ದವು. ಹಿಂದೊಮ್ಮೆ ಹಾಗೆ ನೇತಾಡಿದ್ದಕ್ಕೆ ಈಗ ಲಿಮಿಟನ್ನು ಟ್ರಿಗರ್‌ಗಿಂತ ಸುಮಾರು ಶೇಕಡಾ ಮೂರು ಕೆಳಗೆ ಇಡುತ್ತೇನೆ. ಇಲ್ಲಿ ಅದು 660. ಅದರರ್ಥ 660ಕ್ಕೆ ಮಾರುತ್ತೇನೆಂದಲ್ಲ, ಅಲ್ಲಿಯವರೆಗೆ ಸಿಗುವ ಒಳ್ಳೆಯ ಬೆಲೆಗೆ ಮಾರುತ್ತೇನೆಂದು. 667ಕ್ಕೆ ಹೋಯಿತು. ಇದೆಲ್ಲ ಕೊಳ್ಳುವವರು ಧಾರಾಳವಾಗಿರುವ ಷೇರಿನ ಮಾತು. ಶೇಕಡಾ ಐದರ ಲೋವರ್ ಸರ್ಕ್ಯೂಟ್‌ನಲ್ಲಿ ಬೀಗ ಬಿದ್ದು ಕೊಳ್ಳುವವರೇ ಇಲ್ಲದ ಷೇರಿನಲ್ಲಿ ಯಾವ ಸ್ಟಾಪೂ ಕೆಲಸ ಮಾಡದು. ಬೋನಸ್ ಅಥವಾ ವಿಭಜನೆಯ ದಿನ ಬಂದರೆ ಹಳೆಯ ಆರ್ಡರ್ ತೆಗೆದು, ಹೊಸ ಬೆಲೆಗೆ ಹೊಂದಿಸಿ ಮತ್ತೆ ಇಡಬೇಕು.

ಷೇರಿಗೆ 167ರಂತೆ 160 ಷೇರುಗಳಿಗೆ 26,720 ರೂಪಾಯಿ ಬಂತು, ಶುಲ್ಕ ಮತ್ತು ತೆರಿಗೆ ಕಳೆಯುವ ಮುನ್ನ. ಪಣಕ್ಕಿಟ್ಟ 30ರ ಐದೂವರೆ ಪಟ್ಟು. ಶಿಖರದಿಂದ ಬಿಟ್ಟುಕೊಟ್ಟದ್ದು 74. ಅದರಲ್ಲಿ 60 ನಾನು ಒಪ್ಪಿಕೊಂಡ ಬಾಡಿಗೆ, ಉಳಿದ 14 ರಾತ್ರಿಯ ಜಿಗಿತದ್ದು.

ಈಗ ಆ 654ಕ್ಕೆ ಬರೋಣ. ಅಂದು ಷೇರು 659ರವರೆಗೆ ಇಳಿದು ಅಲ್ಲೇ ನಿಂತಿತು. ಸ್ವಿಂಗ್ ಲೋ ಹಿಡಿದು ಕುಳಿತವರ ಸ್ಟಾಪ್ ತಗುಲಲೇ ಇಲ್ಲ. ಎರಡು ವಾರದಲ್ಲಿ ಬೆಲೆ ಮತ್ತೆ 741 ದಾಟಿತು. ನಾನು ಹೊರಗಿದ್ದೆ. ಇದರಿಂದ ಶಾಂಡಲಿಯರ್ ತಪ್ಪೆಂದು ನಾನು ಹೇಳುವುದಿಲ್ಲ. 741ರಿಂದ 659 ಎಂದರೆ ಸುಮಾರು 3.4 ಎಟಿಆರ್, ಆ ಷೇರಿನ ಹಿಂದಿನ ಯಾವ ಇಳಿತಕ್ಕಿಂತಲೂ ಆಳ. ಅಷ್ಟು ಆಳಕ್ಕೆ ಬಿದ್ದದ್ದು ಪ್ರತಿ ಸಲ ಮೇಲೆ ಬರುವುದಿಲ್ಲ. ಆದರೆ ಹೊರಬರುವ ನಿಯಮ ಬರೆದುಕೊಂಡು ಮರಳಿ ಹೋಗುವ ನಿಯಮ ಬರೆಯದವರು ಇಂಥ ಕಡೆ ಏರಿಕೆಯ ಉಳಿದ ಅರ್ಧವನ್ನು ಕಳೆದುಕೊಳ್ಳುತ್ತಾರೆ. ನನ್ನ ನಿಯಮ ಸರಳ: ಹಳೆಯ ಶಿಖರದ ಮೇಲೆ ದಿನ ಮುಗಿದರೆ ಅದು ಹೊಸ ವಹಿವಾಟು. ಮಾರಿದ ಬೆಲೆಯನ್ನು ಮರೆಯಬೇಕು, ಮೊದಲ ಸ್ಟಾಪ್ ಮತ್ತೆ ಸ್ವಿಂಗ್ ಲೋ ಕೆಳಗೆ.

744ಕ್ಕೆ ಕೊಂಡೆ. 667ಕ್ಕೆ ಮಾರಿದ್ದನ್ನು 77 ರೂಪಾಯಿ ಹೆಚ್ಚು ಕೊಟ್ಟು ಕೊಳ್ಳುವಾಗ ಬೆರಳು ಒಂದು ಕ್ಷಣ ಹಿಂಜರಿಯಿತು, ಸುಳ್ಳೇಕೆ. ತಳ 659, ಎಟಿಆರ್ 22, ಸ್ಟಾಪ್ 648. ಈ ಬಾರಿ ಷೇರಿಗೆ 96 ರೂಪಾಯಿ ಅಪಾಯ. ಅದೇ 4,800 ರೂಪಾಯಿಗೆ ಬಂದದ್ದು 160 ಅಲ್ಲ, 50 ಷೇರು.