ಮೆಡಿಕಲ್ ಕೌಂಟರಿನಲ್ಲಿ ಕೇಳಬೇಕಾದ ‘ಉಂಟಾ?’

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಯಾವ ಪೇಟೆಯ ಮೆಡಿಕಲ್ ಶಾಪಿಗೆ ಹೋದರೂ ಬಿಲ್ ಆಗುವ ಹೊತ್ತಿಗೆ ಒಂದು ಮಾತು ಕೇಳಿಬರುತ್ತದೆ: “ಬೇರೆ ಏನಾದರೂ ಬೇಕಾ?” ಉತ್ತರ ಹೆಚ್ಚಾಗಿ “ಬೇಡ” ಎಂದೇ. ಗಿರಾಕಿಯ ಕೈಯಲ್ಲಿ ದುಡ್ಡು ಬಂದಾಗಿದೆ, ಬಸ್ಸು ಹಿಡಿಯುವ ಅವಸರ ಇದೆ, ಮನಸ್ಸು ಅಂಗಡಿಯಿಂದ ಆಗಲೇ ಹೊರಗೆ ಹೋಗಿದೆ. ಆಗ ಕೇಳಿದ ಪ್ರಶ್ನೆ ವ್ಯಾಪಾರದ ಪ್ರಶ್ನೆಯಾಗಿಯೇ ಕೇಳಿಸುತ್ತದೆ. ಒಂದು ಔಷಧಿಯ ಜೊತೆಗೆ ನಿಜವಾಗಿಯೂ ಬೇಕಾಗುವ ಇನ್ನೊಂದನ್ನು ನೆನಪಿಸುವುದು ಫಾರ್ಮಸಿಯ ಕೆಲಸವೇ ಹೌದು. ಆದರೆ ಅದನ್ನು ಯಾವಾಗ, ಯಾವ ಮಾತಿನಲ್ಲಿ ಕೇಳುತ್ತೇವೆ, ಆ ವಸ್ತು ಎಲ್ಲಿ ಇಟ್ಟಿರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮಳೆಗಾಲದಲ್ಲಿ ಪದೇ ಪದೇ ಬರುವ ಒಂದೇ ಪ್ರಕರಣವನ್ನು ಹಿಡಿದು ಇದನ್ನು ನೋಡೋಣ: ಮಗುವಿನ ಭೇದಿ.

ಮೂರು ವರ್ಷದ ಮಗುವಿಗೆ ಬೆಳಿಗ್ಗೆಯಿಂದ ನಾಲ್ಕು ಸಲ ಆಗಿದೆ. ತಾಯಿ ಡಾಕ್ಟರ ಚೀಟಿ ಹಿಡಿದು ಬಂದಿದ್ದಾರೆ. ಚೀಟಿಯಲ್ಲಿ ಪ್ರೋಬಯೋಟಿಕ್ ಪುಡಿ ಮತ್ತು ಜಿಂಕ್ ಸಿರಪ್ ಇದೆ. ಓಆರ್‌ಎಸ್ ಕೊಡಿ ಎಂದು ಡಾಕ್ಟರು ಬಾಯಲ್ಲಿ ಹೇಳಿದ್ದಾರೆ, ಚೀಟಿಯಲ್ಲಿ ಬರೆದಿಲ್ಲ. ಮಗುವಿಗೆ ಅತಿ ಮುಖ್ಯವಾಗಿ ಬೇಕಾದದ್ದು ಬರೆಯದೇ ಇರುವ ಅದೇ ವಸ್ತು.

ಇಲ್ಲಿ ಕೇಳಬೇಕಾದ ಮಾತು “ಓಆರ್‌ಎಸ್ ಬೇಕಾ?” ಅಲ್ಲ. “ಮನೆಯಲ್ಲಿ ಓಆರ್‌ಎಸ್ ಉಂಟಾ ಅಕ್ಕಾ?” ಎಂಬುದು. ‘ಬೇಕಾ’ ಎಂದರೆ ಉತ್ತರ ಗಿರಾಕಿಯ ಜೇಬನ್ನು ನೋಡುತ್ತದೆ. ‘ಉಂಟಾ’ ಎಂದರೆ ಆಕೆಯ ಮನಸ್ಸು ಅಡುಗೆಮನೆಯ ಕಪಾಟಿಗೆ ಹೋಗಿ ಹುಡುಕುತ್ತದೆ. ಇದ್ದರೆ “ಉಂಟು” ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು, ಯಾರಿಗೂ ಮುಜುಗರ ಇಲ್ಲ. ಇಲ್ಲದಿದ್ದರೆ “ಇಲ್ಲ, ಒಂದು ಕೊಡಿ” ಎಂದು ಅವರೇ ಕೇಳುತ್ತಾರೆ. ನಮ್ಮ ಕಡೆ ಈ ವ್ಯತ್ಯಾಸ ಮೂರು ಭಾಷೆಗಳಲ್ಲೂ ಹಾಗೆಯೇ ಉಳಿಯುತ್ತದೆ. ತುಳುವಿನಲ್ಲಿ ‘ಬೋಡಾ’ ಬದಲು ‘ಉಂಡಾ’, ಮಲಯಾಳದಲ್ಲಿ ‘ವೇಣೋ’ ಬದಲು ‘ಉಂಡೋ’. ಗಿರಾಕಿ ಬಾಗಿಲಿಗೆ ಬರುವಾಗ ಯಾವ ಭಾಷೆಯಲ್ಲಿ ಮಾತಾಡಿದರೋ ಅದರಲ್ಲೇ ಕೇಳಬೇಕು. ಅಲ್ಲಿಯವರೆಗೆ ತುಳುವಿನಲ್ಲಿ ಮಾತಾಡಿದ ಹುಡುಗ ಸಾಮಾನು ಹೇಳುವಾಗ ಮಾತ್ರ ಪುಸ್ತಕದ ಭಾಷೆಗೆ ತಿರುಗಿದರೆ, ಬಾಯಿಪಾಠ ಒಪ್ಪಿಸುತ್ತಿದ್ದಾನೆ ಎಂದು ಗಿರಾಕಿಗೆ ಕೂಡಲೇ ಗೊತ್ತಾಗುತ್ತದೆ.

ಕೇಳುವ ಹೊತ್ತು ಕೂಡ ಅಷ್ಟೇ ಮುಖ್ಯ. ಚೀಟಿ ಓದಿ, ಪ್ರೋಬಯೋಟಿಕ್ ಪುಡಿಯನ್ನು ಕಪಾಟಿನಿಂದ ತೆಗೆದು ಕೌಂಟರಿನ ಮೇಲೆ ಇಡುವ ಆ ಕ್ಷಣದಲ್ಲಿ ಕೇಳಬೇಕು. ಆಗ ಮಾತು ಮಗುವಿನ ಬಗ್ಗೆ ನಡೆಯುತ್ತಿರುತ್ತದೆ. ಕಂಪ್ಯೂಟರಿನಲ್ಲಿ ಮೊತ್ತ ಬಂದ ಮೇಲೆ ಕೇಳಿದರೆ ಮಾತು ದುಡ್ಡಿನ ಬಗ್ಗೆ ಆಗಿರುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಜೊತೆ ಸಾಮಾನಿನ ಸೂಚನೆ ಬರುವಂತೆ ಹಾಕಿಸಿದ ಅಂಗಡಿಗಳಲ್ಲಿ ಇದೇ ತೊಂದರೆ. ಸೂಚನೆ ಬರುವುದು ಐಟಂ ಟೈಪ್ ಮಾಡಿದ ಮೇಲೆ, ಅಂದರೆ ತಡವಾಗಿ. ಅದಕ್ಕಿಂತ ಒಳ್ಳೆಯದು ಬೆರಳಗಲದ ಒಂದು ಸ್ಟಿಕರ್. ಭೇದಿಯ ಔಷಧಿಗಳಿರುವ ರ‍್ಯಾಕಿನ ಅಂಚಿಗೆ, ಸಿಬ್ಬಂದಿಯ ಕಣ್ಣಿಗೆ ಮಾತ್ರ ಕಾಣುವಂತೆ, “ಓಆರ್‌ಎಸ್ ಉಂಟಾ?” ಎಂದು ಬರೆದು ಅಂಟಿಸಿ. ಕೈ ಅಲ್ಲಿಗೆ ಹೋದಾಗ ಕಣ್ಣೂ ಹೋಗುತ್ತದೆ, ಮಾತು ತಾನಾಗಿ ಬರುತ್ತದೆ.

ಪ್ರಶ್ನೆ ಒಂದೇ ಇರಬೇಕು. ಬೇಡ ಎಂದರೆ ಎರಡನೇ ಸಲ ಕೇಳಬಾರದು, ಇನ್ನೊಂದು ಕಂಪನಿಯದ್ದನ್ನು ತೋರಿಸಲೂಬಾರದು. ಒಂದು ಚೀಟಿಗೆ ಎರಡು ಮೂರು ಜೊತೆ ಸಾಮಾನು ಹೊಂದುತ್ತವೆ ಎನಿಸಿದರೆ, ಅದಿಲ್ಲದೆ ಔಷಧಿ ಕೆಲಸ ಮಾಡದು ಎಂಬಂಥದ್ದನ್ನು ಮಾತ್ರ ಆರಿಸಿ. ಇನ್ಸುಲಿನ್ ಪೆನ್ನಿನ ಕಾಟ್ರಿಜ್ ಕೊಡುವಾಗ ಸೂಜಿ ಉಂಟಾ ಎಂದು ಕೇಳುವುದು ಅಂಥ ಪ್ರಶ್ನೆ. ಅದೇ ಹೊತ್ತಿಗೆ ಶುಗರ್‌ಫ್ರೀ ಬಿಸ್ಕತ್ತು ತೋರಿಸುವುದು ಅಲ್ಲ.

ಇನ್ನು ಕಪಾಟಿನ ವಿಷಯ. ಹೆಚ್ಚಿನ ಅಂಗಡಿಗಳಲ್ಲಿ ಓಆರ್‌ಎಸ್ ಸ್ಯಾಶೆ ಒಳಗಿನ ಡ್ರಾಯರಿನಲ್ಲಿ ಇರುತ್ತದೆ. ಕೌಂಟರಿನ ಮೇಲೆ, ಫ್ರಿಜ್ಜಿನ ಗಾಜಿನ ಹಿಂದೆ ಇರುವುದು ಹಣ್ಣಿನ ರುಚಿಯ ಟೆಟ್ರಾ ಪ್ಯಾಕ್. ಗಿರಾಕಿ ಅದನ್ನೇ ಬೆರಳು ಮಾಡಿ ತೋರಿಸುತ್ತಾರೆ, ಸಿಬ್ಬಂದಿ ಅದನ್ನೇ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ ಇರುತ್ತದೆ, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಗ್ಲೂಕೋಸೂ ಸೋಡಿಯಮ್ಮೂ ಸರಿಯಾದ ಅಳತೆಯಲ್ಲಿ ಇದ್ದರೆ ಮಾತ್ರ ಕರುಳು ಎರಡನ್ನೂ ಒಟ್ಟಿಗೆ ಒಳಗೆಳೆಯುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಸಕ್ಕರೆ ಇದಕ್ಕಿಂತ ಬಹಳ ಹೆಚ್ಚಿರುವ ಪಾನೀಯ ಕರುಳಿನೊಳಗೆ ನೀರನ್ನು ಎಳೆದು ಭೇದಿಯನ್ನು ಇನ್ನಷ್ಟು ಜೋರು ಮಾಡಬಹುದು. ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ. ಹೆಸರು ಹೋದರೂ ಗಿರಾಕಿಯ ಕಣ್ಣಿಗೆ ಆ ಪ್ಯಾಕೆಟ್ಟಿನ ಬಣ್ಣ ಪರಿಚಯವಾಗಿದೆ, ಕೇಳುವುದು ಅದನ್ನೇ. ಟೆಟ್ರಾ ಪ್ಯಾಕಿನಲ್ಲಿ ಲಾಭ ಹೆಚ್ಚು ಸಿಕ್ಕರೂ ಭೇದಿಯ ಮಗುವಿಗೆ ಅದನ್ನು ಜೊತೆ ಸಾಮಾನಾಗಿ ಕೊಡುವುದು ತಪ್ಪು.

ಆದ್ದರಿಂದ ಜಾಗ ಅದಲುಬದಲು ಮಾಡಿ. ಟೆಟ್ರಾ ಪ್ಯಾಕನ್ನು ತಂಪು ಪಾನೀಯಗಳ ಸಾಲಿಗೆ ಕಳುಹಿಸಿ. ಸ್ಯಾಶೆಗಳನ್ನು ಔಷಧಿ ಕೊಡುವವರ ಹೆಗಲ ಹಿಂದೆ, ಕೌಂಟರಿನಾಚೆ ನಿಂತ ಗಿರಾಕಿಯ ಕಣ್ಣಿನ ಎತ್ತರದಲ್ಲಿ ಇಡಿ. ಸಿಬ್ಬಂದಿಗೆ ಅದು ಒಂದು ಹೆಜ್ಜೆಯಲ್ಲಿ ಸಿಗಬೇಕು. ಒಳಕೋಣೆಗೆ ಹೋಗಿ ತರಬೇಕಾದ ಸಾಮಾನನ್ನು ಜನ ಜಾಸ್ತಿ ಇರುವಾಗ ಯಾರೂ ನೆನಪಿಸುವುದಿಲ್ಲ. ಸಿಬ್ಬಂದಿ ಕೇಳುತ್ತಿಲ್ಲ ಎಂದು ಮಾಲೀಕರು ದೂರುವ ಎಷ್ಟೋ ಕಡೆ ನಿಜವಾದ ಕಾರಣ ಸಂಕೋಚವಲ್ಲ, ದೂರ. ಕೌಂಟರಿನ ಕೆಳಗಿನ ಗಾಜಿನ ಶೋಕೇಸಿನಲ್ಲೂ ಇಡಬೇಡಿ. ಎದುರು ನಿಂತ ದೊಡ್ಡವರಿಗೆ ಅದು ಕಾಣುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆ ಗೋಡೆಗೆ ತಾಗಿಸಿಡಬೇಡಿ. ವಾರಕ್ಕೊಮ್ಮೆ ಪ್ಯಾಕೆಟನ್ನು ಬೆರಳಿನಲ್ಲಿ ಒತ್ತಿ ನೋಡಿ, ಒಳಗಿನ ಪುಡಿ ಗಟ್ಟಿಯಾಗಿದ್ದರೆ ತೇವ ಒಳಗೆ ಹೋಗಿದೆ ಎಂದರ್ಥ, ಬದಿಗಿಡಿ.

ಸ್ಯಾಶೆಯಲ್ಲಿ ಎರಡು ಗಾತ್ರ ಬರುತ್ತವೆ. ಒಂದು ಲೀಟರಿನದ್ದು ಸುಮಾರು 21 ಗ್ರಾಂ, ಒಂದು ಗ್ಲಾಸಿನ, ಅಂದರೆ 200 ಎಂ.ಎಲ್.ನದ್ದು ನಾಲ್ಕು ಗ್ರಾಂಗಿಂತ ಸ್ವಲ್ಪ ಹೆಚ್ಚು. ದೊಡ್ಡ ಪ್ಯಾಕೆಟ್ ಒಯ್ದು ಒಂದು ಲೋಟ ನೀರಿಗೆ ಅಂದಾಜಿನಲ್ಲಿ ಸ್ವಲ್ಪ ಸುರಿಯುವುದು ಮನೆಗಳಲ್ಲಿ ಆಗುವ ದೊಡ್ಡ ತಪ್ಪು. ದ್ರಾವಣ ಗಟ್ಟಿಯಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರುತ್ತದೆ, ತೀರಾ ತೆಳುವಾದರೆ ಪ್ರಯೋಜನ ಇಲ್ಲ. ಹಾಗಾಗಿ ಕೊಡುವಾಗ ಒಂದೇ ವಾಕ್ಯ ಹೇಳಿ: “ಪೂರ್ತಿ ಪ್ಯಾಕೆಟ್ ಒಂದು ಲೀಟರ್ ಬಾಟಲಿಗೆ, ಮರುದಿನಕ್ಕೆ ಇಡಬೇಡಿ.” ಕುದಿಸಿ ಆರಿಸಿದ ನೀರಿನಲ್ಲಿ ಕಲಸಿದ ದ್ರಾವಣವನ್ನು 24 ಗಂಟೆಯ ಮೇಲೆ ಚೆಲ್ಲಬೇಕು. ಎರಡರಿಂದ ಹತ್ತು ವರ್ಷದ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 100ರಿಂದ 200 ಎಂ.ಎಲ್., ಎರಡಕ್ಕಿಂತ ಚಿಕ್ಕದಕ್ಕೆ 50ರಿಂದ 100 ಎಂ.ಎಲ್. ಈ ಮಗುವಿಗೆ ದಿನಕ್ಕೆ ಆರೇಳು ಸಲ ಆದರೂ ಒಂದು ಲೀಟರ್ ಸುಮಾರಾಗಿ ಸಾಕು. ಎರಡು ದಿನಕ್ಕೆ ಎರಡು ದೊಡ್ಡ ಪ್ಯಾಕೆಟ್ ಕೊಡಿ, ಐದಾರು ಕಟ್ಟಿಕೊಡಬೇಡಿ. ಎರಡೇ ಕೊಟ್ಟಾಗ ಲೆಕ್ಕ ಹಾಕಿ ಕೊಟ್ಟಿದ್ದಾರೆ ಎಂಬುದು ತಾಯಿಗೆ ಕಾಣುತ್ತದೆ.

ಜಿಂಕ್ ಸಿರಪ್‌ನಲ್ಲಿ ಇನ್ನೊಂದು ಲೆಕ್ಕ ಇದೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಎಂಜಿ, 14 ದಿನ. ಭೇದಿ ಎರಡು ದಿನದಲ್ಲಿ ನಿಂತರೂ ಮುಂದುವರಿಸಬೇಕು. ಬಾಟಲಿಯ ಮೇಲೆ 5 ಎಂ.ಎಲ್.ಗೆ 20 ಎಂಜಿ ಎಂದಿದ್ದರೆ ಒಟ್ಟು 70 ಎಂ.ಎಲ್. ಬೇಕು, 60 ಎಂ.ಎಲ್. ಬಾಟಲಿಯಾದರೆ ಎರಡು ದಿನದ್ದು ಕಡಿಮೆ ಬೀಳುತ್ತದೆ. 5 ಎಂ.ಎಲ್.ಗೆ 10 ಎಂಜಿ ಇದ್ದರೆ 140 ಎಂ.ಎಲ್. ಬೇಕು. ಇದನ್ನು ಹೇಳಿ ಎರಡನೇ ಬಾಟಲಿ ಕೊಡುವುದು ಒತ್ತಾಯವಲ್ಲ, ಡಾಕ್ಟರು ಬರೆದದ್ದನ್ನು ಪೂರ್ತಿ ಮಾಡುವುದು. “ಈ ಬಾಟಲಿ ಹನ್ನೆರಡು ದಿನಕ್ಕೆ ಬರ್ತದೆ, ಇನ್ನೆರಡು ದಿನದ್ದು ಈಗ ಕೊಡ್ಬೇಕಾ, ಆಮೇಲೆ ಬರ್ತೀರಾ?” ಎಂದು ಕೇಳಿದರೆ ಸಾಕು. ಇಲ್ಲಿ ‘ಬೇಕಾ’ ಸರಿಯೇ, ಯಾಕೆಂದರೆ ಕಾರಣ ಮೊದಲು ಬಂದಿದೆ.

ಮಾರುವ ಮಾತು ನಿಲ್ಲಿಸಬೇಕಾದ ಜಾಗವನ್ನೂ ಸಿಬ್ಬಂದಿಗೆ ಕಲಿಸಿಡಬೇಕು. ಚೀಟಿ ಇಲ್ಲದೆ ಬಂದು ಭೇದಿಯಲ್ಲಿ ರಕ್ತ ಇದೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದೆ, ಆರೆಂಟು ಗಂಟೆಯಿಂದ ಮೂತ್ರ ಇಲ್ಲ, ಕಣ್ಣು ಗುಳಿ ಬಿದ್ದಿದೆ, ಮಗು ಆರು ತಿಂಗಳೊಳಗಿನದು, ಇವುಗಳಲ್ಲಿ ಒಂದನ್ನು ಹೇಳಿದರೂ ಓಆರ್‌ಎಸ್ ಕೊಟ್ಟು ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕು. ಭೇದಿ ನಿಲ್ಲಿಸುವ ಲೋಪರಮೈಡ್ ಸಣ್ಣ ಮಕ್ಕಳಿಗೆ ಕೊಡಲೇಬಾರದು. ಔಷಧಿಯ ಮಾತು ಫಾರ್ಮಸಿಸ್ಟ್ ಮಾತ್ರ ಆಡಲಿ. ಸಹಾಯಕರು ಓಆರ್‌ಎಸ್, ಥರ್ಮಾಮೀಟರ್, ಹತ್ತಿ, ಅಳತೆಯ ಮುಚ್ಚಳ ಇಷ್ಟರ ಬಗ್ಗೆ ಕೇಳಲಿ.

ಬೇರೆ ಕಾಯಿಲೆಗೆ ಇದೇ ಕ್ರಮ ಹೊಂದಿಸುವಾಗ ಎರಡು ಕಡೆ ಎಡವುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಂಡವರಿಗೆ ನೆಗಡಿಯ ಮಾತ್ರೆ ಜೋಡಿಸುವುದು ಒಂದು. ನೆಗಡಿಯ ಬಹುಪಾಲು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಇರುತ್ತದೆ, ಡೋಸ್ ಎರಡು ಪಟ್ಟಾಗುತ್ತದೆ. ಥೈರಾಯ್ಡ್ ಮಾತ್ರೆ ಒಯ್ಯುವ ಹೆಂಗಸರಿಗೆ ಕ್ಯಾಲ್ಸಿಯಂ ನೆನಪಿಸುವುದು ಇನ್ನೊಂದು. ಎರಡರ ನಡುವೆ ನಾಲ್ಕು ಗಂಟೆ ಅಂತರ ಇಡಿ ಎಂದು ಹೇಳದೆ ಕೊಟ್ಟರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ, ಮುಂದಿನ ರಕ್ತಪರೀಕ್ಷೆಯಲ್ಲಿ ಅದು ತೋರುತ್ತದೆ.

ಸಾಮಾನಿಗೆ ಇಷ್ಟೆಂದು ಸಿಬ್ಬಂದಿಗೆ ಕಮಿಷನ್ ಇಡಬೇಡಿ. ಇಟ್ಟ ದಿನವೇ ‘ಉಂಟಾ’ ಹೋಗಿ ‘ತಗೊಳ್ಳಿ’ ಬರುತ್ತದೆ. ಬದಲಿಗೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಲು ಹೇಳಿ: ಭೇದಿಯ ಬಿಲ್ ಎಷ್ಟು, ಕೇಳಿದ್ದು ಎಷ್ಟು, “ಮನೆಯಲ್ಲಿ ಉಂಟು” ಎಂದವರು ಎಷ್ಟು, ಕೊಂಡವರು ಎಷ್ಟು, ಸುಮ್ಮನೆ “ಬೇಡ” ಎಂದವರು ಎಷ್ಟು. ಉದಾಹರಣೆಗೆ 40 ಬಿಲ್ಲಿನಲ್ಲಿ 15 ಕಡೆ ಮಾತ್ರ ಕೇಳಿದ್ದರೆ ತಪ್ಪು ಕಪಾಟಿನದು, ಸ್ಯಾಶೆಯ ಜಾಗ ನೋಡಿ. 38 ಕಡೆ ಕೇಳಿ 25 ಜನ ಸುಮ್ಮನೆ “ಬೇಡ” ಎಂದಿದ್ದರೆ ತಪ್ಪು ಮಾತಿನದು ಅಥವಾ ಹೊತ್ತಿನದು. ಅರ್ಧ ದಿನ ಕೌಂಟರಿನ ಪಕ್ಕ ನಿಂತು ಕೇಳಿ, ಪ್ರಶ್ನೆ ಬಿಲ್ ಆದ ಮೇಲೆ ಬರುತ್ತಿದೆಯೇ ಎಂದು ಗೊತ್ತಾಗುತ್ತದೆ. “ಮನೆಯಲ್ಲಿ ಉಂಟು” ಎಂದವರು ಹೆಚ್ಚಿದ್ದರೆ ಎಲ್ಲವೂ ಸರಿಯಾಗಿಯೇ ನಡೆದಿದೆ. ಅವರ ಬಳಿ ಇರುವ ಪ್ಯಾಕೆಟ್ಟಿನ ತಾರೀಕು ನೋಡಲು ಹೇಳಿ ಕಳುಹಿಸಿ.