ಒಡವೆ ಕೊಟ್ಟು ನಕ್ಕವರು: ದತ್ತೂರಿ ತಲೆಯೊಳಗೆ ಮಾಡುವುದೇನು

ಗೋವಾದ ವಾಸ್ಕೋದಲ್ಲಿ ನಮ್ಮ ಓಣಿಯ ಕೊನೆಗೆ, ಗಟಾರದ ಪಕ್ಕ, ಮಳೆ ಬಿದ್ದ ಮೇಲೆ ಒಂದು ಗಿಡ ತಾನಾಗಿಯೇ ಹುಟ್ಟುತ್ತದೆ. ತುತ್ತೂರಿಯಂಥ ಬಿಳಿ ಹೂವು, ಮೈತುಂಬ ಮುಳ್ಳಿನ ಕಾಯಿ. ಮಕ್ಕಳು ಹತ್ತಿರ ಹೋದರೆ ಬಾಗಲಕೋಟೆ ಕಡೆಯ ನಮ್ಮ ಪಕ್ಕದ ಮನೆಯ ಅಜ್ಜಿ, "ಅದು ಮದಗುಣಕಿ, ಕೈ ಹಚ್ಚಬ್ಯಾಡ್ರಿ" ಎಂದು ಕೂಗುತ್ತಾರೆ. ಮರಾಠಿಯವರಿಗೆ ಅದು ಧೋತ್ರಾ. ನಮ್ಮಲ್ಲಿ ದತ್ತೂರಿ, ಉಮ್ಮತ್ತಿ ಎಂದೂ ಹೇಳುತ್ತೇವೆ. ಉಮ್ಮತ್ತಿ ಎನ್ನುವಲ್ಲಿ ಹುಚ್ಚು ಹಿಡಿದವನು ಎಂಬ ಅರ್ಥ ಹೆಸರಲ್ಲೇ ಕೂತಿದೆ.

ಈ ಗಿಡದ ಬಗ್ಗೆ ಒಂದು ಹಳೆಯ ಬರಹ ಇದೇ ಗೋವಾದಲ್ಲಿ ಅಚ್ಚಾಯಿತು. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಒರ್ಟಾ 1534ರಲ್ಲಿ ಇಲ್ಲಿಗೆ ಬಂದವರು. 1563ರಲ್ಲಿ ಅವರು ಈ ನಾಡಿನ ಮದ್ದುಗಳ ಬಗ್ಗೆ ಮಾತುಕತೆಯ ರೂಪದ ಪುಸ್ತಕ ತಂದರು. ಅದರಲ್ಲಿ ದತ್ತೂರಿಯ ಮಾತು ಬರುವುದೇ ಒಂದು ಕಳ್ಳತನದಿಂದ. ಒಂದು ಮನೆಯಲ್ಲಿ ದತ್ತೂರಿ ತಿನ್ನಿಸಿ ಒಡವೆ ದೋಚಿದ್ದಾರೆ, ಬೇಗ ಬನ್ನಿ ಎಂದು ವೈದ್ಯರಿಗೆ ಕರೆ ಬರುತ್ತದೆ. ಇದನ್ನು ತಿಂದವರು ಸರಿಯಾಗಿ ಮಾತಾಡುವುದಿಲ್ಲ, ಸುಮ್ನೆ ನಗುತ್ತಾರೆ, ಕಣ್ಣೆದುರೇ ಒಡವೆ ತೆಗೆದುಕೊಂಡರೂ ತಡೆಯುವುದಿಲ್ಲ ಎಂದು ಒರ್ಟಾ ವಿವರಿಸುತ್ತಾರೆ.

ನನಗೆ ಮುಖ್ಯ ಅನ್ನಿಸುವುದು ಆ ಕೊನೆಯ ಮಾತು. ಅವರು ತಡೆಯಲಿಲ್ಲ. ಎಚ್ಚರ ಇತ್ತು, ಕಣ್ಣು ತೆರೆದಿತ್ತು, ಆದರೆ ಏನಾಗುತ್ತಿದೆ ಎಂಬ ಅರಿವು ಇರಲಿಲ್ಲ.

ಕಾರಣ ತಿಳಿಯಲು ಮುನ್ನೂರಕ್ಕೂ ಜಾಸ್ತಿ ವರ್ಷ ಬೇಕಾಯಿತು. ದತ್ತೂರಿಯಲ್ಲಿ ಅಟ್ರೋಪಿನ್, ಸ್ಕೋಪೋಲಮಿನ್, ಹಯೋಸಯಮಿನ್ ಎಂಬ ವಿಷಗಳಿವೆ. ನಮ್ಮ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಇದೆ. ಒಂದು ವಿಷಯದ ಮೇಲೆ ಗಮನ ನಿಲ್ಲಬೇಕಾದರೆ, ಈಗ ನಡೆದದ್ದು ನೆನಪಿನಲ್ಲಿ ಕೂರಬೇಕಾದರೆ ಅದು ಬೇಕು. ದತ್ತೂರಿಯ ವಿಷ ಅದು ಕೂರುವ ಜಾಗವನ್ನು ತಾನು ಹಿಡಿದು ಮುಚ್ಚಿಬಿಡುತ್ತದೆ. ಆಗ ಹೊರಗಿನಿಂದ ಬರುವ ಸುದ್ದಿ ಮಸುಕಾಗುತ್ತದೆ. ಆ ಖಾಲಿ ಜಾಗವನ್ನು ಮಿದುಳು ತನ್ನೊಳಗಿನ ಹಳೆಯ ಸರಕಿನಿಂದ ತುಂಬಿಕೊಳ್ಳುತ್ತದೆ.

ಹಾಗಾಗಿ ಇಲ್ಲಿ ಕಾಣುವುದು ವಿಚಿತ್ರ ಬಣ್ಣಗಳಲ್ಲ, ದಿನನಿತ್ಯದ ಸಂಗತಿಗಳು. ಊರಲ್ಲಿರುವ ತಮ್ಮ ಬಂದು ಮಂಚದ ಮೇಲೆ ಕೂತಂತೆ ಕಾಣುತ್ತದೆ, ಅವನ ಜೊತೆ ಮಾತು ನಡೆಯುತ್ತದೆ. ಕೈಯಲ್ಲಿ ಇಲ್ಲದ ಸಿಗರೇಟು ಸೇದುತ್ತಾರೆ. ಹಾಸಿಗೆಯಿಂದ ಇಲ್ಲದ ದಾರ ಎಳೆಯುತ್ತಾರೆ. ಇದು ನಿಜವೋ ಅಲ್ಲವೋ ಎಂಬ ಪ್ರಶ್ನೆಯೇ ಅವರಿಗೆ ಹುಟ್ಟುವುದಿಲ್ಲ. ಆ ಪ್ರಶ್ನೆ ಕೇಳಬೇಕಾದ ಭಾಗವೇ ಕೆಲಸ ನಿಲ್ಲಿಸಿರುತ್ತದೆ ಅಲ್ವಾ. ರಸ್ತೆಗೆ ಓಡುವುದು, ಮಹಡಿಯಿಂದ ಬೀಳುವುದು, ನೀರಿಗೆ ಇಳಿಯುವುದು ಇದರಿಂದಲೇ.

ಎಲ್‌ಎಸ್‌ಡಿ ಎಂಬ ಅಮಲಿನ ರಾಸಾಯನಿಕ ಅಥವಾ ಕೆಲವು ಅಣಬೆಗಳಲ್ಲಿರುವ ಸಿಲೋಸಿಬಿನ್ ದಾರಿ ಬೇರೆ. ಅವು ಏನನ್ನೂ ಮುಚ್ಚುವುದಿಲ್ಲ, ಮಿದುಳಿನ ಇನ್ನೊಂದು ರಾಸಾಯನಿಕವಾದ ಸಿರೊಟೋನಿನ್‌ನ ಒಂದು ಗ್ರಾಹಕವನ್ನು, ಅಂದರೆ ಅದು ಕೂರುವ ಜಾಗವನ್ನು, ಕೆಣಕುತ್ತವೆ. 1998ರಲ್ಲಿ ಜ್ಯೂರಿಕ್‌ನ ಸಂಶೋಧಕರು ಆ ಗ್ರಾಹಕವನ್ನು ತಡೆಯುವ ಕೆಟಾನ್ಸೆರಿನ್ ಎಂಬ ಮದ್ದನ್ನು ಮೊದಲೇ ಕೊಟ್ಟು, ಆಮೇಲೆ ಸಿಲೋಸಿಬಿನ್ ಕೊಟ್ಟರು. ಭ್ರಮೆಗಳು ಹುಟ್ಟಲೇ ಇಲ್ಲ. ಅದರ ಅಮಲಿನಲ್ಲಿ ಗೋಡೆ ಅಲೆಯಂತೆ ತೂಗಬಹುದು, ಆದರೆ ಇದು ಔಷಧದ ಕೆಲಸ ಎಂಬುದು ಸಾಮಾನ್ಯವಾಗಿ ತಿಳಿದಿರುತ್ತದೆ, ಮರುದಿನ ನೆನಪೂ ಇರುತ್ತದೆ. ಅವುಗಳಿಂದಲೂ ಭಯ, ಅಪಾಯ ಆಗುತ್ತದೆ. ಆದರೆ ಎರಡನ್ನೂ ಒಂದೇ ಸಾಲಿಗೆ ಸೇರಿಸಿ 'ಗಿಡದ ನಶೆ' ಎಂದು ಮಾತಾಡುವುದು ಅಪಾಯದ ತಪ್ಪು ಎಂದೇ ನನ್ನ ನಂಬಿಕೆ.

ದತ್ತೂರಿಯ ಕೆಲಸ ಮಿದುಳಿಗಷ್ಟೇ ನಿಲ್ಲುವುದಿಲ್ಲ. ಅದೇ ಬೀಗ ಮೈಯಲ್ಲೆಲ್ಲ ಬೀಳುತ್ತದೆ. ಬೆವರು ನಿಲ್ಲುತ್ತದೆ, ಆದ್ದರಿಂದ ಮೈ ಸುಡುತ್ತದೆ. ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ದೊಡ್ಡದಾಗಿ ಬೆಳಕು ಚುಚ್ಚುತ್ತದೆ, ಎದೆ ಡವಗುಟ್ಟುತ್ತದೆ, ಮೂತ್ರ ಕಟ್ಟುತ್ತದೆ. ವೈದ್ಯರು ಕಂಕುಳನ್ನು ಮುಟ್ಟಿ ನೋಡುವುದು ಇದಕ್ಕೇ: ಗಾಬರಿಗೊಂಡು ಎಗರಾಡುವವನ ಕಂಕುಳು ಒದ್ದೆ ಇರಬೇಕು, ದತ್ತೂರಿ ತಿಂದವನದು ಒಣಗಿರುತ್ತದೆ. ಕರುಳು ನಿಧಾನವಾಗುವುದರಿಂದ ಹೊಟ್ಟೆಯಲ್ಲಿರುವ ಬೀಜ ತಡವಾಗಿ ವಿಷ ಬಿಡುತ್ತಲೇ ಇರುತ್ತದೆ. ಅಮಲು ಇಳಿಯಲು ಒಂದು ದಿನ, ಎರಡು ದಿನವೂ ಹಿಡಿಯಬಹುದು. ಒಂದು ಗಿಡಕ್ಕೂ ಇನ್ನೊಂದಕ್ಕೂ ವಿಷದ ಪ್ರಮಾಣ ಬೇರೆ. ಆದ್ದರಿಂದ 'ಸ್ವಲ್ಪ' ಎಂಬ ಅಳತೆಯೇ ಇದಕ್ಕಿಲ್ಲ.

ತಿಳಿಯದೆ ತಿನ್ನುವುದೂ ಉಂಟು. ಬೀಜ ಒಣಮೆಣಸಿನಕಾಯಿ ಬೀಜದ ಹಾಗೇ ಕಾಣುತ್ತದೆ. ಮೆಣಸಿನದು ಹಳದಿ, ನುಣುಪು. ದತ್ತೂರಿಯದು ಕಂದು, ಮೇಲೆ ಸಣ್ಣ ಸಣ್ಣ ಗುಳಿ. ಅನುಮಾನ ಬಂದರೆ ವಾಂತಿ ಮಾಡಿಸುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು, ಉಳಿದ ಬೀಜ ಅಥವಾ ಎಲೆಯನ್ನೂ ಜೊತೆಗೆ ಒಯ್ಯಬೇಕು. ಒರ್ಟಾ ಕಾಲದಲ್ಲಿ ವಾಂತಿ, ಭೇದಿ ಮಾಡಿಸುವುದೇ ಚಿಕಿತ್ಸೆ. 1864ರಲ್ಲಿ ಪ್ರಾಗ್‌ನ ವೈದ್ಯರೊಬ್ಬರು ಅಟ್ರೋಪಿನ್ ಸೇವಿಸಿದವರಿಗೆ ಆಫ್ರಿಕಾದ ಕ್ಯಾಲಬಾರ್ ಅವರೆಯ ಸಾರ ಕೊಟ್ಟು ನೋಡಿದರು. ಅದರಲ್ಲಿರುವ ಫೈಸೋಸ್ಟಿಗ್ಮಿನ್ ಅಸಿಟೈಲ್‌ಕೋಲಿನ್ ಕರಗದಂತೆ ತಡೆದು ಅದನ್ನು ಹೆಚ್ಚಿಸುತ್ತದೆ, ವಿಷ ತಾನು ಹಿಡಿದ ಜಾಗವನ್ನು ಬಿಟ್ಟುಕೊಡುತ್ತದೆ. ಈ ಮದ್ದನ್ನು ಇಂದಿಗೂ ಆಸ್ಪತ್ರೆಯಲ್ಲಿ, ಎದೆಬಡಿತ ನೋಡುತ್ತ, ಎಚ್ಚರದಿಂದ ಕೊಡುತ್ತಾರೆ. ಗಾಳಿಯಲ್ಲಿ ದಾರ ಎಳೆಯುತ್ತಿದ್ದವನು ಕೆಲವೇ ನಿಮಿಷಗಳಲ್ಲಿ ಕೈ ಇಳಿಸಿ, ನಾನು ಇಲ್ಲಿಗೆ ಹೇಗೆ ಬಂದೆ ಎಂದು ಕೇಳುತ್ತಾನೆ.